ಎರಡು ಪಾಸು, ಮೂರು ಜನ

ಕಳೆದ ತಿಂಗಳ ಒಂದು ಬೆಳಿಗ್ಗೆ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ, ಒಂದು ದೊಡ್ಡ ಮರದ ಬುಡದ ಕಟ್ಟೆಯ ಮೇಲೆ ನಾನು ಒಬ್ಬನೇ ಕೂತಿದ್ದೆ. ಒಂದು ಕೈಯಲ್ಲಿ ಹೆಂಡತಿಯ ಚೀಲ, ಇನ್ನೊಂದು ಕೈಯಲ್ಲಿ ಮೊಬೈಲು. ಸ್ವಲ್ಪ ದೂರದಲ್ಲಿ ವಿವೇಕಾನಂದ ಸಭಾಂಗಣ. ಅದರೊಳಗೆ ನನ್ನ ಮಗಳು ಕಪ್ಪು ಗೌನು ತೊಟ್ಟು, ನೂರಾರು ಮಕ್ಕಳ ಸಾಲಿನಲ್ಲಿ ಬಿ.ಇ. ಪದವಿ ಪಡೆಯಲು ಕಾಯುತ್ತಿದ್ದಳು. ಮಗಳ ಪದವಿ ಪ್ರದಾನದ ಬಗ್ಗೆ ಬರೆಯಲು ಕೂತಿರುವ ಈ ಅಪ್ಪ ಆ ಸಮಾರಂಭವನ್ನು ಸಭಾಂಗಣದೊಳಗೆ ಕೂತು ನೋಡಿದವನಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾರಣ ಬಹಳ ಸರಳ. ಒಬ್ಬ ವಿದ್ಯಾರ್ಥಿಗೆ ಎರಡು ಪಾಸು, ನಾವು ಮೂರು ಜನ. ನಾನು, ನನ್ನ ಹೆಂಡತಿ, ಮತ್ತು ಅರಸೀಕೆರೆಯಿಂದ ಇದಕ್ಕಾಗಿಯೇ ರೈಲು ಹತ್ತಿ ಬಂದಿದ್ದ ನನ್ನಮ್ಮ. ಅಷ್ಟು ಮಕ್ಕಳು, ಅಷ್ಟು ಕುಟುಂಬಗಳು, ಕುರ್ಚಿಗಳು ಇರುವಷ್ಟೇ ಇರುತ್ತವೆ. ಅದರಲ್ಲಿ ಯಾರದೂ ತಪ್ಪಿಲ್ಲ. ಹಿಂದಿನ ರಾತ್ರಿ ಆ ಎರಡು ಪಾಸುಗಳು ನಮ್ಮ ವೇಳಚ್ಚೇರಿಯ ಮನೆಯ ಊಟದ ಮೇಜಿನ ಮೇಲಿದ್ದವು. "ನಾನು ಬರೋದಿಲ್ಲ, ನೀವಿಬ್ಬರೂ ಹೋಗಿ, ನನಗೆ ಅಲ್ಲಿ ಏನು ಅರ್ಥವಾಗುತ್ತೆ?" ಎಂದು ಅಮ್ಮ ಅಂದರು. "ಅತ್ತೆ, ನೀವು ಹೋಗಿ, ನಾನು ಹೊರಗಿರ್ತೀನಿ" ಎಂದು ಹೆಂಡತಿ ಅಂದಳು. ಮಗಳು ಮಾತ್ರ ಏನೂ ಹೇಳದೆ ನನ್ನ ಮುಖ ನೋಡುತ್ತಿದ್ದಳು. ಅವಳು ಹಾಗೆ ನೋಡುವುದಕ್ಕೆ ನಾಲ್ಕು ವರ್ಷದ ಹಿಂದಿನ ಒಂದು ಕಾರಣವಿತ್ತು. ಪಾಸುಗಳನ್ನು ನಾನೇ ಎತ್ತಿ ಒಂದನ್ನು ಅಮ್ಮನ ಕೈಗೆ, ಒಂದನ್ನು ಹೆಂಡತಿಯ ಕೈಗೆ ಕೊಟ್ಟೆ.

ಇದರಲ್ಲಿ ತ್ಯಾಗವೇನೂ ಇಲ್ಲ. ಹಳೆಯ ಸಾಲವೊಂದಿತ್ತು, ಅದನ್ನು ಸ್ವಲ್ಪ ತೀರಿಸಿದೆ ಅಷ್ಟೆ.

2021ರ ಕಥೆ ಇದು. ಕೋವಿಡ್ಡಿನಿಂದಾಗಿ ಆ ವರ್ಷ ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಯೇ ನಡೆಯಲಿಲ್ಲ. ಹತ್ತು, ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯ ಅಂಕಗಳನ್ನು ಒಂದು ಸೂತ್ರದಲ್ಲಿ ಸೇರಿಸಿ ಫಲಿತಾಂಶ ಕೊಟ್ಟರು. ತಮಿಳುನಾಡಿನಲ್ಲಿ ಇಂಜಿನಿಯರಿಂಗ್ ಸೀಟಿಗೆ ಬೇರೆ ಪ್ರವೇಶ ಪರೀಕ್ಷೆ ಇಲ್ಲ. ಗಣಿತದ ಅಂಕ ನೂರಕ್ಕೆ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ್ದು ಅರ್ಧರ್ಧ ಮಾಡಿ ಐವತ್ತೈವತ್ತಕ್ಕೆ. ಒಟ್ಟು ಇನ್ನೂರಕ್ಕೆ ಎಷ್ಟು ಬರುತ್ತದೋ ಅದನ್ನೇ ಇಲ್ಲಿ ಎಲ್ಲರೂ ಕಟ್‌ಆಫ್ ಎನ್ನುತ್ತಾರೆ. ಮಗಳಿಗೆ ಗಣಿತದಲ್ಲಿ 99, ಭೌತಶಾಸ್ತ್ರದಲ್ಲಿ 99, ರಸಾಯನಶಾಸ್ತ್ರದಲ್ಲಿ 98. ಅಂದರೆ 99, ನಲವತ್ತೊಂಬತ್ತೂವರೆ, 49, ಒಟ್ಟು 197.5. ಎಂಟರಿಂದ ಹನ್ನೆರಡರವರೆಗೆ ಇಲ್ಲೇ ಓದಿದ್ದರಿಂದ ಹೊರ ರಾಜ್ಯದವಳಾದರೂ ಅವಳು ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಬಹುದಿತ್ತು.

ಕೌನ್ಸೆಲಿಂಗ್ ಆನ್‌ಲೈನ್‌ನಲ್ಲಿ. ಬೇಕಾದ ಕಾಲೇಜು ಮತ್ತು ವಿಭಾಗಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡಬೇಕು. ಆ ಪಟ್ಟಿಯಲ್ಲಿ ಕ್ರಮವೇ ಎಲ್ಲ. ಮೇಲಿನದು ಸಿಕ್ಕಿತೆಂದರೆ ವ್ಯವಸ್ಥೆ ಕೆಳಗಿನದನ್ನು ತಿರುಗಿಯೂ ನೋಡುವುದಿಲ್ಲ. ಮಗಳು ಮೊದಲ ಸಾಲಿನಲ್ಲಿ ಬರೆದದ್ದು ಗಿಂಡಿ ಕಾಲೇಜಿನ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್. ನಾನು ಅದನ್ನು ಎರಡಕ್ಕೆ ಇಳಿಸಿ, ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಸೈನ್ಸನ್ನು ಒಂದಕ್ಕೆ ಏರಿಸಿದೆ. ಅವಳು ಮತ್ತೆ ಬದಲಿಸಿದಳು. ನಾನು ಮತ್ತೆ ಬದಲಿಸಿದೆ.

ನನ್ನ ವಾದ ನಿಮಗೂ ಗೊತ್ತಿರುವಂಥದ್ದೇ. ಇಪ್ಪತ್ತು ವರ್ಷ ಸಾಫ್ಟ್‌ವೇರಿನಲ್ಲಿದ್ದೇನೆ, ಯಾರಿಗೆ ಎಷ್ಟು ಸಂಬಳ ಎಂದು ಗೊತ್ತು, ಯಾವ ವಿಭಾಗದವರನ್ನು ಕ್ಯಾಂಪಸ್ಸಿನಲ್ಲಿ ಮೊದಲು ಕರೆಯುತ್ತಾರೆ ಎಂದು ಗೊತ್ತು. ಸಬ್‌ಸ್ಟೇಷನ್ನಿನ ಬಿಸಿಲಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಲ್ಲುವ ಕೆಲಸ ನಿನಗ್ಯಾಕೆ? ಕೊನೆಗೆ ನಾನು ಹೇಳಬಾರದ ಮಾತೊಂದನ್ನು ಹೇಳಿದೆ: "ಎಲೆಕ್ಟ್ರಿಕಲ್‌ನಲ್ಲಿ ಹುಡುಗಿಯರನ್ನ ಯಾರು ತಗೋತಾರೆ?"

ಪಟ್ಟಿಯನ್ನು ಅಂತಿಮಗೊಳಿಸಲು ಒಂದು ಒಟಿಪಿ ಬೇಕು. ನೋಂದಾಯಿಸಿದ್ದು ನನ್ನ ಮೊಬೈಲ್ ನಂಬರು. ಹಾಗಾಗಿ ಮಗಳ ಭವಿಷ್ಯದ ಕೀಲಿ ಅಕ್ಷರಶಃ ನನ್ನ ಜೇಬಿನಲ್ಲಿತ್ತು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಲಾಕ್‌ಡೌನಿನಿಂದಾಗಿ ಆಗ ನಮ್ಮ ಜೊತೆಗೇ ಇದ್ದ ಅಮ್ಮನಿಗೆ ಈ ಪಟ್ಟಿ, ಒಟಿಪಿ ಯಾವುದೂ ತಿಳಿಯದು. ಮೊಮ್ಮಗಳು ಊಟ ಬಿಟ್ಟಿದ್ದಾಳೆ ಎನ್ನುವುದು ಮಾತ್ರ ತಿಳಿಯಿತು.

ಎರಡನೆಯ ರಾತ್ರಿ ಕೋಣೆಯಿಂದ ಅಜ್ಜಿ–ಮೊಮ್ಮಗಳ ಮಾತು ಕೇಳಿಸಿತು. ಮಗಳು ಯಾರದೋ ಕಥೆ ಹೇಳುತ್ತಿದ್ದಳು. ನಾನು ಹಜಾರದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡುವವನಂತೆ ನಟಿಸುತ್ತಾ ಅದನ್ನು ಪೂರ್ತಿ ಕೇಳಿಸಿಕೊಂಡೆ. ಆಮೇಲೆ ನಾನೇ ಓದಿ ತಿಳಿದದ್ದನ್ನೂ ಸೇರಿಸಿ ಆ ಕಥೆಯನ್ನು ನಿಮಗೆ ಹೇಳುತ್ತೇನೆ. ಏಕೆಂದರೆ ಗಿಂಡಿಯಲ್ಲಿ ಮಗಳ ಪದವಿಯನ್ನು ಕಂಡು ಹೆಮ್ಮೆಪಟ್ಟ ಮೊದಲ ಅಪ್ಪನ ಕಥೆ ಅದು.

ಅಯ್ಯಲಸೋಮಯಾಜುಲ ಲಲಿತಾ ಹುಟ್ಟಿದ್ದು 1919ರಲ್ಲಿ, ಮದರಾಸಿನ ತೆಲುಗು ಕುಟುಂಬದಲ್ಲಿ. ಹದಿನೈದಕ್ಕೆ ಮದುವೆ. ಹದಿನೆಂಟಕ್ಕೆ ಗಂಡ ತೀರಿಕೊಂಡರು, ಆಗ ಮಗಳು ಶ್ಯಾಮಲಾಗೆ ನಾಲ್ಕು ತಿಂಗಳು. ಆ ಕಾಲದಲ್ಲಿ ಅಂಥ ಮನೆಯ ವಿಧವೆಯ ಬದುಕು ಹೇಗಿರುತ್ತಿತ್ತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಆದರೆ ಲಲಿತಾ ಓದಬೇಕೆಂದರು. ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಅನ್ನು ಮೊದಲ ದರ್ಜೆಯಲ್ಲಿ ಮುಗಿಸಿದರು. ಹೆಣ್ಣುಮಕ್ಕಳು ವೈದ್ಯಕೀಯ ಓದುವುದು ಆಗಲೇ ಶುರುವಾಗಿತ್ತು. ಆದರೆ ಡಾಕ್ಟರಾದರೆ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುತ್ತದೆ, ಕೂಸನ್ನು ಬಿಟ್ಟು ಓಡಬೇಕಾಗುತ್ತದೆ. ಸಂಜೆಗೆ ಮನೆ ಸೇರುವಂಥ ಕೆಲಸ ಅವರಿಗೆ ಬೇಕಿತ್ತು. ಅಪ್ಪ, ಅಣ್ಣತಮ್ಮಂದಿರಂತೆ ಇಂಜಿನಿಯರಿಂಗ್ ಓದುವ ಯೋಚನೆ ಬಂದದ್ದು ಹೀಗೆ. ಯಾವುದೋ ದೊಡ್ಡ ಕ್ರಾಂತಿಯ ಕನಸಿನಿಂದಲ್ಲ, ಮಗುವಿನ ಸಮಯಕ್ಕೆ ಹೊಂದುವ ಲೆಕ್ಕದಿಂದ.

ಅಪ್ಪ ಪಪ್ಪು ಸುಬ್ಬರಾವ್ ಇದೇ ಗಿಂಡಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪ್ರಾಧ್ಯಾಪಕರು. 1794ರಲ್ಲಿ ಸರ್ವೆ ಕಲಿಸುವ ಸಣ್ಣ ಶಾಲೆಯಾಗಿ ಶುರುವಾಗಿ, 1920ರಲ್ಲಿ ಗಿಂಡಿಗೆ ಬಂದ ಆ ಸಂಸ್ಥೆಯಲ್ಲಿ ಅದುವರೆಗೆ ಒಬ್ಬ ಹುಡುಗಿಯೂ ಓದಿರಲಿಲ್ಲ. ಸುಬ್ಬರಾವ್ ಪ್ರಿನ್ಸಿಪಾಲ್ ಕೆ.ಸಿ. ಚಾಕೊ ಅವರ ಬಳಿ ಹೋಗಿ ಕೇಳಿದರು. ಚಾಕೊ ಒಪ್ಪಿದರು, ಸಾರ್ವಜನಿಕ ಶಿಕ್ಷಣ ನಿರ್ದೇಶಕರ ಒಪ್ಪಿಗೆಯೂ ಸಿಕ್ಕಿತು. 1940ರಲ್ಲಿ ಲಲಿತಾ ಎಲೆಕ್ಟ್ರಿಕಲ್ ವಿಭಾಗಕ್ಕೆ ಸೇರಿದರು. ನೂರಾರು ಹುಡುಗರ ನಡುವೆ ಒಬ್ಬರೇ. ಮಗು ಅಣ್ಣನ ಮನೆಯಲ್ಲಿ, ತಾಯಿ ಹಾಸ್ಟೆಲ್ಲಿನಲ್ಲಿ. ಹುಡುಗರು ತೊಂದರೆ ಕೊಡಲಿಲ್ಲವಂತೆ, ಆದರೆ ಹಾಸ್ಟೆಲ್ಲಿನ ಒಂಟಿತನ ಕಾಡುತ್ತಿತ್ತಂತೆ. ಅದಕ್ಕೂ ಸುಬ್ಬರಾವ್ ಒಂದು ದಾರಿ ಹುಡುಕಿದರು. ಗಿಂಡಿ ಕಾಲೇಜಿನಲ್ಲಿ ಹುಡುಗಿಯರಿಗೂ ಪ್ರವೇಶವಿದೆ ಎಂದು ಜಾಹೀರಾತು ಕೊಡಿಸಿದರು. ಆಗ ಬಂದವರು ಪಿ.ಕೆ. ಥ್ರೆಸ್ಸಿಯಾ ಮತ್ತು ಲೀಲಮ್ಮ ಜಾರ್ಜ್, ಇಬ್ಬರೂ ಸಿವಿಲ್ ವಿಭಾಗಕ್ಕೆ. ಥ್ರೆಸ್ಸಿಯಾ ಮುಂದೆ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರ್ ಆದರು.

1943ರಲ್ಲಿ ಲಲಿತಾಗೆ ಪದವಿ ಸಿಕ್ಕಿತು. ಪದವಿ ಪತ್ರದ ನಮೂನೆಯಲ್ಲಿ ‘ಅವನು’ ಎಂಬರ್ಥದ ಇಂಗ್ಲಿಷ್ ಪದ ಮೊದಲೇ ಅಚ್ಚಾಗಿತ್ತು, ಬೇರೆ ಪದ ಬೇಕಾಗಬಹುದೆಂದು ಯಾರಿಗೂ ಅನ್ನಿಸಿರಲಿಲ್ಲ. ಅದನ್ನು ಹೊಡೆದುಹಾಕಿ ಕೈಬರಹದಲ್ಲಿ ‘ಅವಳು’ ಎಂದು ತಿದ್ದಿ ಕೊಟ್ಟರು.

ಮಗಳು ಕೋಣೆಯಲ್ಲಿ ಇಷ್ಟು ಹೇಳಿ ನಿಲ್ಲಿಸಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಏಳನೇ ಕ್ಲಾಸು ಪಾಸಾದವರು. ಹಳ್ಳಿಯಲ್ಲಿ ಅದರ ಮೇಲೆ ಶಾಲೆ ಇರಲಿಲ್ಲ. ಹೈಸ್ಕೂಲಿಗೆ ಅರಸೀಕೆರೆಗೆ ಹೋಗಬೇಕಿತ್ತು. ಬಸ್ಸಿನಲ್ಲಿ ಹುಡುಗಿಯನ್ನು ಒಬ್ಬಳೇ ಕಳಿಸುವುದು ಹೇಗೆ ಎಂದು ಅವರಪ್ಪ ಅಲ್ಲಿಗೇ ನಿಲ್ಲಿಸಿದ್ದರು. ಆಮೇಲೆ ಕೇಳಿದರು:

"ಅವರಪ್ಪ ಯಾರಂದೆ?"

"ಅದೇ ಕಾಲೇಜಲ್ಲಿ ಮೇಷ್ಟ್ರು, ಅಜ್ಜಿ."

"ಅಂದ್ರೆ ಅವನೇ ಹೋಗಿ ಬಾಗಿಲು ತೆಗೆಸಿದ."

ಮಾತು ಅಲ್ಲಿಗೆ ಮುಗಿಯಿತು. ಅಮ್ಮ ಎದ್ದು ಹಜಾರಕ್ಕೆ ಬಂದರು. ನೀರು ಕುಡಿದು, ಲೋಟ ಇಟ್ಟು, ನನ್ನ ಕಡೆ ತಿರುಗದೆಯೇ, "ಅದೇನೋ ನಂಬರು ಬರುತ್ತಂತಲ್ಲ ನಿನ್ನ ಫೋನಿಗೆ. ಅದನ್ನ ಕೊಟ್ಬಿಡೋ. ಅವಳ ಸೀಟು ಅವಳದು" ಎಂದರು.

ಮರುದಿನ ಬೆಳಿಗ್ಗೆ ಮಗಳು ಪಟ್ಟಿಯನ್ನು ತನಗೆ ಬೇಕಾದಂತೆ ಜೋಡಿಸಿದಳು. ಒಟಿಪಿ ಬಂತು. ನಾನು ಓದಿ ಹೇಳಿದೆ. ಹಂಚಿಕೆ ಪಟ್ಟಿಯಲ್ಲಿ ಅವಳಿಗೆ ಮೊದಲ ಆಯ್ಕೆಯೇ ಸಿಕ್ಕಿತು. ನಾನು "ಒಳ್ಳೇದು" ಎಂದೆ. ಕ್ಷಮೆ ಕೇಳಲಿಲ್ಲ. ಅಪ್ಪಂದಿರಿಗೆ ಅದು ಅಷ್ಟು ಸುಲಭವಾಗಿ ಬರುವುದಿಲ್ಲ.

ಮುಂದಿನ ನಾಲ್ಕು ವರ್ಷ ಅವಳು ಮನೆಗೆ ತಂದ ಕಥೆಗಳಿಂದಲೇ ನಾನು ಸ್ವಲ್ಪ ಸ್ವಲ್ಪ ಪಾಠ ಕಲಿತೆ. ಒಂದು ಸಂಜೆ ಮೆಷಿನ್ಸ್ ಲ್ಯಾಬಿನಿಂದ ಬಂದವಳು ಊಟಕ್ಕೆ ಕೂತು ಕೇಳಿದಳು: "ಅಪ್ಪಾ, ಓಡ್ತಾ ಇರೋ ಡಿಸಿ ಶಂಟ್ ಮೋಟರಿನ ಫೀಲ್ಡ್ ವೈರು ಕಿತ್ತುಹೋದ್ರೆ ಏನಾಗುತ್ತೆ?" ನಾನು, "ನಿಂತುಹೋಗುತ್ತೆ" ಎಂದೆ. ಅವಳು ನಕ್ಕಳು. ನಿಲ್ಲುವುದಿಲ್ಲವಂತೆ. ಹೊರೆ ಇಲ್ಲದಿದ್ದರೆ ವೇಗ ಏರುತ್ತಲೇ ಹೋಗಿ ಕೊನೆಗೆ ಮೋಟರು ತನ್ನನ್ನೇ ಕಿತ್ತುಕೊಳ್ಳಬಹುದಂತೆ. ತಿರುಗುವ ಮೋಟರು ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸುತ್ತದೆ, ಅದೇ ಅದಕ್ಕೆ ಕಡಿವಾಣ. ಫೀಲ್ಡ್ ಕ್ಷೀಣಿಸಿದರೆ ಆ ಎದುರು ವೋಲ್ಟೇಜನ್ನು ಮುಟ್ಟಲು ಮೋಟರು ಇನ್ನೂ ಜೋರಾಗಿ ತಿರುಗಬೇಕಾಗುತ್ತದೆ. ಅದಕ್ಕೇ ಚಾಲೂ ಮಾಡುವ ಮೊದಲು ಫೀಲ್ಡ್ ರಿಯೋಸ್ಟಾಟ್ ಅತಿ ಕಡಿಮೆ ಪ್ರತಿರೋಧದಲ್ಲಿದೆಯೇ ಎಂದು ನೋಡಬೇಕು, ಫೀಲ್ಡ್ ಸರ್ಕ್ಯೂಟಿಗೆ ಫ್ಯೂಸ್ ಹಾಕಬಾರದು. ಅವಳು ಚಪಾತಿಯ ತಟ್ಟೆಯ ಅಂಚಿನಲ್ಲಿ ಉಪ್ಪಿನಕಾಯಿಯಿಂದ ಸರ್ಕ್ಯೂಟ್ ಬರೆದು ತೋರಿಸಿದಳು. ನಾನು ಎಂ.ಟೆಕ್ ಮಾಡಿದವನು. ಆದರೂ ಆ ದಿನ ಇನ್ನೊಬ್ಬರ ಎದುರು ‘ಇದು ನನಗೆ ಗೊತ್ತಿರಲಿಲ್ಲ’ ಎಂದು ಹೇಳಿದ್ದು ಬಹಳ ವರ್ಷಗಳ ಮೇಲೆ.

ಕೊನೆಯ ವರ್ಷದ ಪ್ರಾಜೆಕ್ಟು ವಿದ್ಯುತ್ ಪ್ರಸರಣ ಮಾರ್ಗದ್ದು: ಉದ್ದದ ಲೈನಿನಲ್ಲಿ ಎಲ್ಲೋ ಒಂದು ಕಡೆ ದೋಷವಾದಾಗ, ಒಂದು ತುದಿಯಲ್ಲಿ ಅಳೆದ ವೋಲ್ಟೇಜು ಮತ್ತು ಕರೆಂಟಿನಿಂದಲೇ ಅದು ಎಷ್ಟು ದೂರದಲ್ಲಿದೆ ಎಂದು ಹೇಳುವುದು. ಅದನ್ನು ವಿವರಿಸುವಾಗ ಅವಳು ಮತ್ತೆ ಲಲಿತಾರನ್ನು ನೆನೆದಳು. ಪದವಿಯ ನಂತರ ಲಲಿತಾ ಜಮಾಲ್‌ಪುರದ ರೈಲ್ವೆ ಕಾರ್ಯಾಗಾರದಲ್ಲಿ ತರಬೇತಿ ಪಡೆದು, ಸ್ವಲ್ಪ ಕಾಲ ಸಿಮ್ಲಾದಲ್ಲಿ ಸರ್ಕಾರಿ ಕೆಲಸ ಮಾಡಿ, ಅಪ್ಪನ ಜೊತೆ ಸಂಶೋಧನೆಯಲ್ಲಿ ಕೂತು, 1948ರಲ್ಲಿ ಕಲ್ಕತ್ತದ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸೇರಿದರು. ಅಲ್ಲಿ ಮಾಡಿದ್ದು ಪ್ರಸರಣ ಮಾರ್ಗಗಳ ವಿನ್ಯಾಸ, ಸಬ್‌ಸ್ಟೇಷನ್ನಿನ ನಕ್ಷೆ, ರಕ್ಷಣಾ ಸಾಧನಗಳ ಕೆಲಸ. ಭಾಕ್ರಾ ನಂಗಲ್ ಯೋಜನೆಯ ಕೆಲಸವೂ ಅದರಲ್ಲಿತ್ತು. 1964ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಇಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಅಲ್ಲಿಗೂ ಹೋಗಿಬಂದರು. 1979ರಲ್ಲಿ ತೀರಿಕೊಂಡರು. ಎಲೆಕ್ಟ್ರಿಕಲ್‌ನಲ್ಲಿ ಹುಡುಗಿಯರನ್ನ ಯಾರು ತಗೋತಾರೆ ಎಂಬ ನನ್ನ ಪ್ರಶ್ನೆಗೆ, ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಉತ್ತರ ಸಿಕ್ಕಿಬಿಟ್ಟಿತ್ತು.

ಇನ್ನು ಸಮಾರಂಭಕ್ಕೆ ಬರುತ್ತೇನೆ.

ಹಿಂದಿನ ದಿನವೇ ಮಕ್ಕಳಿಗೆ ತಾಲೀಮು. ವಿಭಾಗವಾರು, ರಿಜಿಸ್ಟರ್ ನಂಬರಿನ ಕ್ರಮದಲ್ಲಿ ಕೂರಬೇಕು. ಒಬ್ಬರು ಸ್ಥಾನ ಬದಲಿಸಿದರೂ ಒಬ್ಬರ ಪತ್ರ ಇನ್ನೊಬ್ಬರ ಕೈಗೆ ಹೋಗುತ್ತದೆ, ಅಲ್ಲಿಂದ ಮುಂದೆ ಇಡೀ ಸಾಲೇ ತಪ್ಪುತ್ತದೆ. ಸಾಲು ಎದ್ದು ವೇದಿಕೆಯ ಒಂದು ಪಕ್ಕದಲ್ಲಿ ನಿಲ್ಲಬೇಕು, ಹೆಸರು ಕೂಗಿದಾಗ ಹೋಗಬೇಕು, ಎಡಗೈಯಲ್ಲಿ ಪತ್ರ ತೆಗೆದುಕೊಂಡು ಬಲಗೈಯಲ್ಲಿ ಕೈಕುಲುಕಬೇಕು, ಫೋಟೊಗ್ರಾಫರ್ ಕಡೆ ಒಂದು ಕ್ಷಣ ನೋಡಿ ಇನ್ನೊಂದು ಪಕ್ಕದಿಂದ ಇಳಿಯಬೇಕು. ಮನೆಯಲ್ಲಿ ರಾತ್ರಿ ಅವಳು ಫೈಲೊಂದನ್ನು ಹಿಡಿದು ಅಜ್ಜಿಯ ಜೊತೆ ಅದನ್ನು ಅಭ್ಯಾಸ ಮಾಡಿದಳು. ಅಜ್ಜಿ ಕುಲಪತಿಯ ಪಾತ್ರದಲ್ಲಿ ಸೋಫಾದ ಮೇಲೆ ಕೂತೇ ಪದವಿ ಕೊಟ್ಟರು.

ಬೆಳಿಗ್ಗೆ ಅಮ್ಮ ಇಳಕಲ್ ಸೀರೆ ಉಟ್ಟು, ಹೆಂಡತಿಯ ಕೈ ಹಿಡಿದುಕೊಂಡು ಒಳಗೆ ಹೋದರು. ಬಾಗಿಲಲ್ಲಿ ಪಾಸು ನೋಡಿದ ಹುಡುಗ, "ಪಾಟಿ, ಮೆದುವಾ ವಾಂಗ" ಎಂದು ದಾರಿ ಬಿಟ್ಟ. ಅಮ್ಮನಿಗೆ ತಮಿಳು ಬಾರದು. ಆದರೂ ಆ ಮಾತು ಅರ್ಥವಾಯಿತು.

ನಾನು ಮರದ ಕೆಳಗೆ ಕೂತೆ. ನನ್ನಂಥವರು ಅಲ್ಲಿ ಇನ್ನೂ ಕೆಲವರಿದ್ದರು. ಮಧುರೈ ಕಡೆಯಿಂದ ಬಂದಿದ್ದ ಒಬ್ಬ ಅಪ್ಪ ತನ್ನ ಅತ್ತೆ ಮತ್ತು ಹೆಂಡತಿಯನ್ನು ಒಳಗೆ ಕಳಿಸಿದ್ದರಂತೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಮೊಬೈಲಿನಲ್ಲಿ ನೇರಪ್ರಸಾರ ಬರುತ್ತಿತ್ತು. ಮೊದಲು ಎಲ್ಲರೂ ಎದ್ದು ನಿಂತು ತಮಿಳ್ ತಾಯ್ ವಾಳ್ತು. ಮರದ ಕೆಳಗೆ ನಾವೂ ಎದ್ದು ನಿಂತೆವು. ಆಮೇಲೆ ಸ್ವಾಗತ, ವರದಿ, ಅತಿಥಿಗಳ ಭಾಷಣ. ಆಮೇಲೆ ಹೆಸರುಗಳು.

ಪ್ರಾಜೆಕ್ಟ್ ಮ್ಯಾನೇಜರಿನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಗಡಿಯಾರ ನೋಡಿದೆ. ಒಬ್ಬರಿಗೆ ಸುಮಾರು ಎಂಟು ಸೆಕೆಂಡು. ನಾಲ್ಕು ವರ್ಷಕ್ಕೆ ಎಂಟು ಸೆಕೆಂಡು.

ಆಗಲೇ ಒಂದು ವಿಚಿತ್ರ ಗಮನಕ್ಕೆ ಬಂತು. ನೇರಪ್ರಸಾರ ನಿಜಕ್ಕೂ ನೇರವಲ್ಲ, ಮೂವತ್ತು ಸೆಕೆಂಡಿನಷ್ಟು ಹಿಂದಿತ್ತು. ಸಭಾಂಗಣದ ಬಾಗಿಲು ಅರೆ ತೆರೆದಿದ್ದರಿಂದ ಒಳಗಿನ ಧ್ವನಿವರ್ಧಕ ನಮಗೆ ಮೊದಲೇ ಕೇಳುತ್ತಿತ್ತು. ಅಂದರೆ ಒಂದು ಹೆಸರು ಮೊದಲು ಬಾಗಿಲಿನಿಂದ ಬರುತ್ತಿತ್ತು, ಆ ಮುಖ ಅರ್ಧ ನಿಮಿಷದ ನಂತರ ಮೊಬೈಲಿಗೆ ಬರುತ್ತಿತ್ತು. ನಮ್ಮ ಎಲೆಕ್ಟ್ರಿಕಲ್ ಶುರುವಾಯಿತು. ನಾನು ಬಾಗಿಲಿನ ಕಡೆ ಕಿವಿ ಕೊಟ್ಟು, ಕಣ್ಣನ್ನು ಪರದೆಯ ಮೇಲಿಟ್ಟು ಕೂತೆ.

ಹೆಸರು ಬಂತು. ನಾನು ಇಟ್ಟ ಹೆಸರು, ಮುಂದೆ ನನ್ನ ಹೆಸರಿನ ಮೊದಲಕ್ಷರ. ಚಪ್ಪಾಳೆ. ಅದರ ನಡುವೆ, ಪ್ರಮಾಣ ಮಾಡಿ ಹೇಳುತ್ತೇನೆ, ಅರಸೀಕೆರೆಯ ಒಂದು ದನಿ: "ನಮ್ಮ ಪುಟ್ಟೀ!" ಅಷ್ಟು ದೊಡ್ಡ ಸಭೆಯಲ್ಲಿ ನನ್ನಮ್ಮ ಕೂಗಿಬಿಟ್ಟಿದ್ದರು. ಮತ್ತೆ ಮೂವತ್ತು ಸೆಕೆಂಡು ನಾನು ಉಸಿರು ಹಿಡಿದುಕೊಂಡು ಕಾದೆ. ಪರದೆಯ ಮೇಲೆ ಅವಳು ಬಂದಳು. ಎಡಗೈ, ಬಲಗೈ ಎಲ್ಲ ಸರಿಯಾಗಿಯೇ ಮಾಡಿದಳು. ಫೋಟೊಗ್ರಾಫರ್ ಕಡೆ ನೋಡಬೇಕಾದ ಕ್ಷಣದಲ್ಲಿ ಮಾತ್ರ ಅಜ್ಜಿಯ ಕೂಗು ಬಂದ ಕಡೆ ತಿರುಗಿ ನಕ್ಕಳು. ಆಮೇಲೆ ಪರದೆಯಲ್ಲಿ ಏನು ನಡೆಯಿತೆಂದು ನನಗೆ ಗೊತ್ತಿಲ್ಲ, ಕಣ್ಣು ಮಂಜಾಗಿತ್ತು. ಮಧುರೈಯ ಅಪ್ಪ ಏನೂ ಕೇಳದೆ ತಮ್ಮ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು. ಒಳಗೆ ಕೂತವರಿಗೆ ಆ ಕ್ಷಣ ಒಂದೇ ಸಲ ಸಿಕ್ಕಿತು. ನನಗೆ ಎರಡು ಸಲ.

ಮುಗಿದ ಮೇಲೆ ಮೂವರೂ ಹೊರಗೆ ಬಂದರು. ಮಗಳು ಪದವಿ ಪತ್ರದ ಕಡತವನ್ನು ಮೊದಲು ನನ್ನ ಕೈಗೆ ಕೊಟ್ಟಳು. ಇಂಥ ಪತ್ರ ಸಿಕ್ಕಾಗ ಅಲ್ಲೇ ಮೂರು ಸಂಗತಿ ನೋಡಿಕೊಳ್ಳಬೇಕು ಎಂದು ಅನುಭವಸ್ಥರು ಹೇಳುತ್ತಾರೆ: ಹೆಸರಿನ ಅಕ್ಷರ, ವಿಭಾಗ, ದರ್ಜೆ. ಆಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ. ನಾನು ಅದನ್ನೇ ನೋಡುತ್ತಿದ್ದೇನೆ ಎಂದು ಅವಳು ತಿಳಿದಳು. ನಾನು ನೋಡುತ್ತಿದ್ದದ್ದು ಆ ಇನಿಷಿಯಲ್ಲನ್ನು. ನಮ್ಮ ಕಡೆ ಊರಿನ ಅಕ್ಷರವೂ ಸೇರಿ ಎರಡಿರುತ್ತದೆ, ಇಲ್ಲಿಯ ಶಾಲೆಯಲ್ಲಿ ಸೇರಿಸುವಾಗ ಅಪ್ಪನ ಹೆಸರಿನದು ಒಂದೇ ಉಳಿಯಿತು. ಅವಳ ಇಡೀ ಪದವಿ ಪತ್ರದಲ್ಲಿ ನನ್ನದು ಎನ್ನುವುದು ಅದೊಂದೇ ಅಕ್ಷರ. ಲಲಿತಾರ ಹೆಸರಿನ ಮುಂದೆ ಅದೂ ಇರಲಿಲ್ಲ ಎನ್ನುವುದು ಆಗ ನೆನಪಾಯಿತು. ಅಪ್ಪನ ಮನೆತನ ಪಪ್ಪು. ಆದರೆ ಲೋಕ ಅವರನ್ನು ಎ. ಲಲಿತಾ ಎಂದೇ ತಿಳಿದಿದೆ. ಅದು ಗಂಡನ ಮನೆಯ ಅಕ್ಷರ. ಬಾಗಿಲು ತೆಗೆಸಿದ ಸುಬ್ಬರಾಯರ ಹೆಸರು ಅಲ್ಲಿ ಒಂದಕ್ಷರವೂ ಇಲ್ಲ. ಒಟಿಪಿ ಕೊಡಲು ಎರಡು ದಿನ ಸತಾಯಿಸಿದ ನನಗೆ ಒಂದಕ್ಷರ ಸಿಕ್ಕಿದೆ.

"ನಾಲ್ಕು ವರ್ಷದ ಹಿಂದೆ ನಾನು ಹೇಳಿದ್ದು ತಪ್ಪು ಕಣೇ" ಎಂದೆ.

"ಯಾವುದು?" ಎಂದಳು. ಅವಳಿಗೆ ಗೊತ್ತಿತ್ತು. ಸಬ್‌ಸ್ಟೇಷನ್ ವಿನ್ಯಾಸ ಮಾಡುವ ಒಂದು ಸಂಸ್ಥೆಯಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಸಂಬಳ ಸಾಫ್ಟ್‌ವೇರಿನ ಗೆಳತಿಯರಿಗಿಂತ ಕಡಿಮೆ. ಹೆಲ್ಮೆಟ್ ಆಗಲೇ ಕೊಟ್ಟಿದ್ದಾರೆ.

ಆಮೇಲೆ ಎಲ್ಲರಂತೆ ನಾವೂ ಕಾಲೇಜಿನ ಹಳೆಯ ಕೆಂಪು ಕಟ್ಟಡದ ಮುಂದೆ ಫೋಟೊಗೆ ನಿಂತೆವು. ಅಲ್ಲಿ ಮಕ್ಕಳೆಲ್ಲ ತಮ್ಮ ಗೌನನ್ನು ಕಳಚಿ ಅಪ್ಪ–ಅಮ್ಮಂದಿರಿಗೆ ತೊಡಿಸುತ್ತಿದ್ದರು. ಮಗಳು ಅಜ್ಜಿಗೆ ತೊಡಿಸಿದಳು, ಅಮ್ಮನಿಗೆ ತೊಡಿಸಿದಳು, ಕೊನೆಗೆ ನನ್ನ ಹೆಗಲ ಮೇಲೆ ಹಾಕಿದಳು. ನಾನು ಬೇಡವೆಂದೆ. ಆ ಕಪ್ಪು ಬಟ್ಟೆ ನನಗೆ ಸ್ವಲ್ಪ ಮುಜುಗರದ ವಸ್ತು.

ಏಕೆಂದರೆ ಸುರತ್ಕಲ್ಲಿನಲ್ಲಿ ಎಂ.ಟೆಕ್ ಮುಗಿಸಿದ 2001ರಲ್ಲಿ ನಾನು ಚೆನ್ನೈಗೆ ಬಂದು ಕೆಲಸಕ್ಕೆ ಸೇರಿದ್ದೆ. ನಮ್ಮ ಪದವಿ ಆಗ ಮಂಗಳೂರು ವಿಶ್ವವಿದ್ಯಾಲಯದ್ದು, ಘಟಿಕೋತ್ಸವ ಕೊಣಾಜೆಯಲ್ಲಿ. ಹೊಸ ಕೆಲಸದಲ್ಲಿ ರಜೆ ಕೇಳಲು ಹೆದರಿ ನಾನು ಹೋಗಲಿಲ್ಲ, ಪದವಿ ಪತ್ರವನ್ನು ಅಂಚೆಯಲ್ಲಿ ತರಿಸಿಕೊಂಡೆ. ಊರಿನಲ್ಲಿ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ: "ಆ ಕರಿ ಕೋಟು ಹಾಕ್ಕೊಂಡು ತೆಗೆಸಿರೋ ಫೋಟೊ ಕಳಿಸು." ನಾನು ಇಲ್ಲ ಎನ್ನಲಾರದೆ ಒಂದು ಸ್ಟುಡಿಯೋಗೆ ಹೋದೆ. ಅಲ್ಲಿ ಗೋಡೆಯ ಮೊಳೆಗೆ ಗೌನು ತೂಗುಹಾಕಿರುತ್ತಾರೆ, ಖಾಲಿ ಕಾಗದದ ಸುರುಳಿಗೆ ರಿಬ್ಬನ್ ಕಟ್ಟಿಟ್ಟಿರುತ್ತಾರೆ. ಹಾಗೆ ತೆಗೆಸಿದ ಫೋಟೊಗೆ ಅಪ್ಪ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಬಂದವರಿಗೆಲ್ಲ, "ಮಗ ಎಂ.ಟೆಕ್ ತಗೊಂಡಾಗ" ಎಂದು ತೋರಿಸಿದರು. ಅವರು ಹೋಗಿ ಒಂಬತ್ತು ವರ್ಷವಾಯಿತು. ನಿಜ ಹೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಗೌನಿನಲ್ಲಿ ನಿಂತ ನನ್ನನ್ನು ಅಮ್ಮ ಮೇಲಿನಿಂದ ಕೆಳಗಿನವರೆಗೆ ನೋಡಿ, ಹೆಗಲ ಮೇಲಿನ ಮಡಿಕೆ ಸರಿಮಾಡಿ, "ಇದನ್ನ ಆ ಫೋಟೊ ಪಕ್ಕದಲ್ಲಿ ಹಾಕೋಣ. ಇದು ಸ್ಟುಡಿಯೋದ್ದಲ್ಲ" ಎಂದರು.

ನಾನು ಬೆಚ್ಚಿದೆ. "ನಿಮಗೆ ಗೊತ್ತಿತ್ತಾ?"

"ಹಿಂದೆ ಪರದೆಯಲ್ಲಿ ಬಣ್ಣದ ಕಾರಂಜಿ ಇತ್ತಲ್ಲೋ. ನಿಮ್ಮಪ್ಪ ಮೊದಲ ದಿನವೇ ಅಂದ್ರು, ಇದು ಕಾಲೇಜಲ್ಲ ಅಂತ. ಕೇಳಿದ್ರೆ ಹುಡುಗ ನೊಂದ್ಕೋತಾನೆ, ಬಿಡು ಅಂದ್ರು."

ಮಗಳು ಫೋಟೊ ತೆಗೆದಳು. ಅದರಲ್ಲಿ ನನ್ನ ಮುಖ ಚೆನ್ನಾಗಿ ಬಂದಿಲ್ಲ, ಕಣ್ಣು ಕೆಂಪಾಗಿದೆ, ಗೌನು ಗಿಡ್ಡವಾಗಿದೆ. ಹಿಂದೆ ನಿಜವಾದ ಕಟ್ಟಡವಿದೆ. ಅಮ್ಮ ಅದರ ದೊಡ್ಡ ಪ್ರತಿಯೊಂದನ್ನು ಊರಿಗೆ ತೆಗೆದುಕೊಂಡು ಹೋಗಿದ್ದಾರೆ.